ಕೀ ಮೇಷ್ಟ್ರು ಹಾಕಿದ ಸಹಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಗೂ ಔಷಧಿ ಉಗ್ರಾಣಕ್ಕೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಯಾಚೆ ಯಂತ್ರಗಳು ದಿನವಿಡೀ ಗಡಗಡ ತಿರುಗುತ್ತಿದ್ದವು. ಅಲ್ಲಿ ಕೂತು ಕೆಲಸ ಮಾಡುತ್ತಿದ್ದವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಬಿಟ್ಟರೆ ಮತ್ತೆಲ್ಲಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಕೀ ಮೇಷ್ಟ್ರು.

ಮೇಷ್ಟ್ರಿಗೆ ಐವತ್ನಾಲ್ಕು ವರ್ಷ. ಮೊದಲು ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದನ್ನು ಕಂಡು ಮಾರು ದೂರ ನಿಂತರೆ ಇವರು ಹತ್ತಿರ ಹೋಗಿ ಮುಟ್ಟಿ ನೋಡಿದರು. ಅಷ್ಟೇ ಅವರ ಅರ್ಹತೆ. ಈಗ ಆಸ್ಪತ್ರೆಯಲ್ಲೂ ಅದರ ಮೂರು ಶಾಖೆಗಳಲ್ಲೂ ಇರುವ ಮುನ್ನೂರ ನಲವತ್ತು ಜನರಿಗೆ ಸೆಕ್ಯುರಿಟಿ ಕೀ ಕೊಡುವುದು, ಅದನ್ನು ಅವರವರ ಖಾತೆಗೆ ನೋಂದಾಯಿಸುವುದು, ಕಳೆದುಕೊಂಡವರಿಗೆ ಎರಡು ಮಾತು ಅಂದು ಇನ್ನೊಂದು ಕೊಡುವುದು ಅವರ ಕೆಲಸ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ವಸ್ತು. ಕಂಪ್ಯೂಟರಿಗೆ ಸಿಕ್ಕಿಸಿದರೆ ಹಸಿರು ದೀಪ ಮಿನುಗುತ್ತದೆ, ಬೆರಳು ಮುಟ್ಟಿಸಿದರೆ ರೋಗಿಗಳ ದಾಖಲೆಗಳ ಜಾಲತಾಣ ತೆರೆಯುತ್ತದೆ. ಕೊಡುವಾಗ ಮೇಷ್ಟ್ರು ಒಂದು ಪಾಠ ಮಾಡದೆ ಕೊಡುತ್ತಿರಲಿಲ್ಲ. ದೊಡ್ಡ ಡಾಕ್ಟರೂ ಕೈಕಟ್ಟಿ ನಿಂತು ಕೇಳಬೇಕು. ಹಾಗಾಗಿಯೇ ಆ ಅಡ್ಡಹೆಸರು.

ಪಾಠ ಹುಟ್ಟಿದ್ದಕ್ಕೆ ಒಂದು ನೋವಿನ ಕಾರಣವಿತ್ತು. ಆರು ವರ್ಷದ ಹಿಂದೆ ಬೆಟ್ಟದ ಬದಿಯ ಶಾಖೆಯ ರಕ್ತನಿಧಿಗೆ ಒಂದು ಮೇಲ್ ಬಂತು. ನಿಮ್ಮ ಖಾತೆಯ ಅವಧಿ ಮುಗಿಯುತ್ತಿದೆ, ಇಲ್ಲಿ ಒತ್ತಿ ಎಂದಿತ್ತು. ಒತ್ತಿದರೆ ಆಸ್ಪತ್ರೆಯದ್ದೇ ಪುಟ, ಅದೇ ಬಣ್ಣ, ಅದೇ ಲಾಂಛನ. ವಿಳಾಸದಲ್ಲಿ ಮಾತ್ರ ಒಂದಕ್ಷರ ಹೆಚ್ಚು. ಅಲ್ಲಿನ ತಂತ್ರಜ್ಞೆ ತನ್ನ ಪಾಸ್‌ವರ್ಡ್ ಹಾಕಿದಳು. ಅದರಿಂದ ಒಳನುಗ್ಗಿದವರು ಒಂಬತ್ತು ದಿನ ಇಡೀ ಆಸ್ಪತ್ರೆಯ ದಾಖಲೆಗಳಿಗೆ ಬೀಗ ಹಾಕಿ ಕೂತರು. ಆಮೇಲೆ ಕಾರಿಡಾರಿನಲ್ಲಿ ಆಕೆ ತಲೆಯೆತ್ತಿ ನಡೆಯಲಿಲ್ಲ. ಜನ ಎದುರಿಗೆ ಅಯ್ಯೋ ಪಾಪ ಅನ್ನುತ್ತಿದ್ದರು, ಬೆನ್ನು ತಿರುಗಿಸಿದ ಕೂಡಲೇ ಬಾಯಿಗೆ ಬಂದಂತೆ ಆಡುತ್ತಿದ್ದರು. ನಮ್ಮ ಜನರ ಕರುಣೆ ಅಷ್ಟೇ ಉದ್ದ ಇರುವುದು.

ಆಕೆಯನ್ನು ಎಲ್ಲರೂ ರಕ್ತನಿಧಿಯ ಅಕ್ಕ ಅನ್ನುತ್ತಿದ್ದರು. ಮೇಷ್ಟ್ರಿಗಿಂತ ಮೂರು ವರ್ಷ ದೊಡ್ಡವರು. ಅದಾದ ಮೇಲೆ ಕೀಗಳು ಬಂದಾಗ ಮೇಷ್ಟ್ರು ಮೊದಲನೆಯದನ್ನು ಹಿಡಿದುಕೊಂಡು ಬಸ್ಸು ಹತ್ತಿ ಅವರ ಹತ್ತಿರವೇ ಹೋದರು.

"ಅಕ್ಕ, ನಿಮ್ಮ ಕಣ್ಣಿಗೆ ಮೋಸ ಮಾಡಬಹುದು, ನನ್ನ ಕಣ್ಣಿಗೂ ಮಾಡಬಹುದು. ಇದಕ್ಕೆ ಮಾಡೋಕಾಗಲ್ಲ. ಇದು ಪುಟದ ಬಣ್ಣ ನೋಡಲ್ಲ, ವಿಳಾಸ ನೋಡುತ್ತೆ. ಯಾವ ಹೆಸರಲ್ಲಿ ನೋಂದಣಿ ಆಗಿದೆಯೋ ಆ ಹೆಸರಿನ ತಾಣಕ್ಕೆ ಮಾತ್ರ ಉತ್ತರ ಕೊಡುತ್ತೆ. ಬೇರೆ ಹೆಸರು ಬಂದ್ರೆ ನಂಗೆ ಗೊತ್ತಿಲ್ಲ ಅನ್ನುತ್ತೆ. ಹಾಗಂದ್ರೆ ಅಲ್ಲೇ ನಿಂತುಬಿಡಿ. ಏನೂ ಟೈಪ್ ಮಾಡ್ಬೇಡಿ."

"ದೊಡ್ಡ ಸಾಹೇಬರು ಫೋನ್ ಮಾಡಿ ಮಾಡು ಅಂದ್ರೆ?"

"ಮಾಡ್ಬೇಡಿ."

"ನೀವೇ ಮಾಡಿ ಹೇಳಿದ್ರೆ?"

ಮೇಷ್ಟ್ರು ನಕ್ಕಿದ್ದರು. "ನಾನೇ ಹೇಳಿದ್ರೂ ಮಾಡ್ಬೇಡಿ. ದನಿ ನಕಲು ಮಾಡೋರು ಬಂದಿದ್ದಾರೆ ಈಗ. ಅನುಮಾನ ಬಂದ್ರೆ ಫೋನ್ ಇಟ್ಟು, ಈ ಚೀಟಿಯಲ್ಲಿರೋ ನಂಬರಿಗೆ ನೀವೇ ತಿರುಗಿ ಮಾಡಿ."

ಅಕ್ಕ ಆ ಕೀಯನ್ನು ಗುರುತಿನ ಚೀಟಿಯ ದಾರಕ್ಕೆ ಪೋಣಿಸಿಕೊಂಡರು. ಅಂದಿನಿಂದ ಅವರು ಮತ್ತೆ ತಲೆಯೆತ್ತಿ ನಡೆಯುವುದನ್ನು ಮೇಷ್ಟ್ರು ಕಣ್ಣಾರೆ ನೋಡಿದರು. ತನ್ನ ಕೆಲಸದ ಬಗ್ಗೆ ಅವರಿಗಿದ್ದ ಹೆಮ್ಮೆಯ ಅರ್ಧಪಾಲು ಅದೇ ಆಗಿತ್ತು.

ಈ ವರ್ಷ ಆಸ್ಪತ್ರೆ ಇನ್ನೆರಡು ಆಸ್ಪತ್ರೆಗಳ ಜೊತೆ ಸೇರಿಕೊಂಡಿತು. ಹೊಸ ಫಲಕ, ಹೊಸ ಲಾಂಛನ, ತಾಣಕ್ಕೂ ಹೊಸ ವಿಳಾಸ. ಬದಲಾವಣೆಯ ಹೊಣೆ ಹೊತ್ತ ಯೋಜನಾ ಮುಖ್ಯಸ್ಥ ಚುರುಕಿನ ಮನುಷ್ಯ. ಒಂದು ನಮೂನೆ ಕಳಿಸಿದ: ವಿಳಾಸ ಬದಲಾದರೆ ಬಳಕೆದಾರರ ಕೀಗಳಿಗೆ ತೊಂದರೆ ಆಗುತ್ತದೆಯೇ? ಪರೀಕ್ಷಿಸಿ ಸಹಿ ಹಾಕಿ.

ಮೇಷ್ಟ್ರು ಪರೀಕ್ಷಿಸಿದರು. ಕಾಟಾಚಾರಕ್ಕಲ್ಲ, ಮೂರು ದಿನ. ಹೊಸ ವಿಳಾಸದಲ್ಲಿ ಪ್ರಯೋಗದ ತಾಣ ಸಿದ್ಧವಾಗಿತ್ತು. ಅವರು ಅಚ್ಚುಕಟ್ಟಿನ ಮನುಷ್ಯ. ದಿನಾ ಬಳಸುವ ತನ್ನ ಕೀಗೆ ಪ್ರಯೋಗದ ಗೊಂದಲ ಬೇಡವೆಂದು ಪೆಟ್ಟಿಗೆಯಿಂದ ಒಂದು ಹೊಸ ಕೀ ತೆಗೆದರು, ಪ್ರಯೋಗದ ತಾಣದಲ್ಲಿ ನೋಂದಾಯಿಸಿದರು, ಹತ್ತು ಸಲ ಒಳಗೆ ಹೋಗಿ ಹೊರಗೆ ಬಂದರು. ಹತ್ತು ಸಲವೂ ತೆರೆಯಿತು. ಜೊತೆಗೆ ನಾಲ್ಕು ವರ್ಷದ ಹಿಂದಿನ ಅನುಭವ ಬೇರೆ ಬೆನ್ನಿಗಿತ್ತು. ಆಗಲೂ ವಿಳಾಸ ಬದಲಾಗಿತ್ತು, ಒಂದು ಕೀಯೂ ತಕರಾರು ಮಾಡಿರಲಿಲ್ಲ. ನಮೂನೆಯಲ್ಲಿ 'ತೊಂದರೆ ಇಲ್ಲ' ಎಂದು ಬರೆದು ಸಹಿ ಹಾಕಿದರು.

ಇಲ್ಲಿಯೇ ಅವರು ಎಡವಿದ್ದು. ನಾಲ್ಕು ವರ್ಷದ ಹಿಂದೆ ಬದಲಾಗಿದ್ದು ವಿಳಾಸದ ಮುಂದಿನ ತುಂಡು ಮಾತ್ರ. ಕೊನೆಯ ಮುಖ್ಯ ಹೆಸರು ಹಾಗೆಯೇ ಇತ್ತು, ಕೀಗಳು ನೋಂದಣಿಯಾಗಿದ್ದು ಆ ಹೆಸರಿಗೆ. ಈ ಸಲ ಆ ಹೆಸರೇ ಹೋಗುತ್ತಿತ್ತು. ಹೊಸ ಹೆಸರಿನಲ್ಲಿ ಹುಟ್ಟಿದ ಹೊಸ ಕೀ ಹೊಸ ಹೆಸರಿಗೆ ಉತ್ತರ ಕೊಡದೆ ಇನ್ನೇನು ಮಾಡೀತು? ಪರೀಕ್ಷಿಸಬೇಕಿದ್ದದ್ದು ಹಳೆಯ ಕೀ. ಪಾಠವನ್ನು ಮುನ್ನೂರ ನಲವತ್ತು ಜನರಿಗೆ ಹೇಳಿದ ಮನುಷ್ಯ ತನಗೆ ಅದನ್ನು ಹೇಳಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹೊಸ ವಿಳಾಸ ಜಾರಿಗೆ ಬಂತು. ಹಳೆಯದನ್ನು ಒತ್ತಿದರೆ ನೇರ ಹೊಸದಕ್ಕೇ ಕರೆದುಕೊಂಡು ಹೋಗುತ್ತಿತ್ತು. ಏಳೂಕಾಲಿಗೆ ಮೇಷ್ಟ್ರ ಕೋಣೆಯ ಫೋನು ಹೊಡೆದುಕೊಳ್ಳಲು ಶುರುಮಾಡಿತು. ಕೀ ಮಿನುಗುತ್ತೆ ಮೇಷ್ಟ್ರೇ, ಮುಟ್ಟಿದ್ರೆ ಈ ಕೀ ಈ ತಾಣದಲ್ಲಿ ನೋಂದಣಿಯಾಗಿಲ್ಲ ಅನ್ನುತ್ತೆ. ಒಬ್ಬರಾದ ಮೇಲೆ ಒಬ್ಬರು. ಹತ್ತನೆಯ ಕರೆ ಮುಗಿಸಿ ಮೇಷ್ಟ್ರು ತನ್ನ ಕೀ ಸಿಕ್ಕಿಸಿ ಮುಟ್ಟಿದರು. ಅದೂ ಅದನ್ನೇ ಹೇಳಿತು.

ಅಷ್ಟರಲ್ಲಿ ಯೋಜನಾ ಮುಖ್ಯಸ್ಥನ ಸುತ್ತೋಲೆ ಎಲ್ಲರಿಗೂ ಹೋಗಿಯೇಬಿಟ್ಟಿತ್ತು: ಕೀ ಕೆಲಸ ಮಾಡದಿದ್ದರೆ 'ಬೇರೆ ದಾರಿ' ಎಂಬಲ್ಲಿ ಒತ್ತಿ, ಪಾಸ್‌ವರ್ಡ್ ಮತ್ತು ಮೊಬೈಲಿಗೆ ಬರುವ ಸಂಖ್ಯೆ ಹಾಕಿ. ಆರು ವರ್ಷದ ಹಿಂದೆ ಮೇಷ್ಟ್ರು ಹಟ ಹಿಡಿದು ಮುಚ್ಚಿಸಿದ್ದ ಪಾಸ್‌ವರ್ಡಿನ ಬಾಗಿಲನ್ನು ಅವನು ಒಂದು ಬೆಳಗಿನಲ್ಲಿ ತೆರೆದಿದ್ದ. ಜನ ಗೊಣಗಿದರು, ಒತ್ತಿದರು, ಒಳಗೆ ಹೋದರು. ಎಂಟೂವರೆಯ ಹೊತ್ತಿಗೆ ವಾರ್ಡುಗಳು ನಡೆಯತೊಡಗಿದವು, ನೆಲಮಾಳಿಗೆಯ ಫೋನು ಮಾತ್ರ ನಿಲ್ಲಲಿಲ್ಲ.

ಎಂಟು ನಲವತ್ತಕ್ಕೆ ಬೆಟ್ಟದ ಬದಿಯ ಶಾಖೆಯ ಶಸ್ತ್ರಚಿಕಿತ್ಸಕರು ಮೇಷ್ಟ್ರ ಮೊಬೈಲಿಗೇ ಕರೆ ಮಾಡಿದರು. ಸೊಂಟ ಮುರಿದುಕೊಂಡ ಒಬ್ಬ ರೋಗಿ, ಹಿಂದೆ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಮುದುಕರು, ಒಳಗೇ ರಕ್ತ ಹೋಗುತ್ತಿದೆ. ಮೂರು ವರ್ಷದ ಹಿಂದೆ ಇಲ್ಲೇ ರಕ್ತ ಹಾಕಿಸಿಕೊಂಡಾಗ ನಿಮ್ಮ ರಕ್ತದಲ್ಲಿ ಏನೋ ಇದೆ ಅಂದಿದ್ದರು ಎಂದಷ್ಟೇ ಅವರಿಗೆ ನೆನಪು. ಆ ಏನೋ, ಬೇರೆಯವರ ರಕ್ತದ ಮೇಲೆ ತಿರುಗಿಬೀಳುವ ಪ್ರತಿಕಾಯ, ಯಾವುದು ಎಂಬುದು ಹಳೆಯ ದಾಖಲೆಯಲ್ಲಿದೆ. ಈಗಿನ ಪರೀಕ್ಷೆಯಲ್ಲಿ ಅದು ಕಾಣದೇ ಇರಬಹುದು, ಆದರೆ ತಪ್ಪು ರಕ್ತ ಹೋದರೆ ಮೈಯೊಳಗೆ ಎದ್ದು ಕೂರುತ್ತದೆ. ದಾಖಲೆ ನೋಡದೆ ರಕ್ತ ಕೊಡಲ್ಲ ಅಂತ ಅಕ್ಕ ಕೂತಿದ್ದಾರೆ. ತಾಣದೊಳಗೂ ಹೋಗುತ್ತಿಲ್ಲ. ಆ ಶಾಖೆಯ ರಕ್ತನಿಧಿ ದಾಖಲೆ ತೆರೆಯುವುದು ಇಬ್ಬರಿಗೆ ಮಾತ್ರ, ಇನ್ನೊಬ್ಬಾಕೆ ರಜೆಯಲ್ಲಿ, ಫೋನು ಸಿಗುತ್ತಿಲ್ಲ.

ಮೇಷ್ಟ್ರು ತಕ್ಷಣ ಅಕ್ಕನಿಗೆ ಕರೆ ಮಾಡಿದರು.

"ಅಕ್ಕ, ನಾನು. ಇವತ್ತೊಂದಿನ ಬೇರೆ ದಾರಿ ಒತ್ತಿ ಪಾಸ್‌ವರ್ಡ್ ಹಾಕಿ. ತಾಣ ನಿಜವಾದದ್ದೇ."

"ಕೀ ಗೊತ್ತಿಲ್ಲ ಅಂತಿದೆ."

"ಹೌದು ಅಕ್ಕ, ವಿಳಾಸ ಬದಲಾಗಿದೆ..."

"ಅವತ್ತೂ ಹೀಗೇ ಇತ್ತು. ಅದೇ ಬಣ್ಣ, ಅದೇ ಪುಟ. ನೀವೇ ಹೇಳಿದ್ರಲ್ಲ, ನಾನೇ ಹೇಳಿದ್ರೂ ಮಾಡ್ಬೇಡಿ ಅಂತ. ನೀವು ನೀವೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ಸರಿ, ಫೋನ್ ಇಡಿ. ಚೀಟಿಯಲ್ಲಿರೋ ನಂಬರಿಗೆ ಮಾಡಿ."

ಅಕ್ಕ ಇಟ್ಟರು. ಚೀಟಿಯಲ್ಲಿದ್ದ ನಂಬರು ನೆಲಮಾಳಿಗೆಯ ಅದೇ ಫೋನಿನದು. ಮುನ್ನೂರು ಜನ ಅದಕ್ಕೇ ಮುಗಿಬಿದ್ದಿದ್ದರು. ಮೇಷ್ಟ್ರು ಎತ್ತಿದಾಗಲೆಲ್ಲ ಬೇರೆ ಯಾರದೋ ದನಿ. ಇಟ್ಟ ಮರುಗಳಿಗೆ ಮತ್ತೊಬ್ಬರದು. ಅಕ್ಕ ಎಷ್ಟು ಸಲ ಮಾಡಿದರೂ ಲೈನು ಖಾಲಿಯಿಲ್ಲ ಎಂಬ ಸದ್ದೇ. ಹತ್ತು ನಿಮಿಷ ಕಾದು ಮೇಷ್ಟ್ರು ಕುರ್ಚಿಯಿಂದ ಎದ್ದರು, ಆಸ್ಪತ್ರೆಯ ವಾಹನದ ಚಾಲಕನನ್ನು ಕರೆದರು. ಮುಖಕ್ಕೆ ಮುಖ ತೋರಿಸದೆ ಇದು ಬಗೆಹರಿಯುವುದಿಲ್ಲ ಎಂದು ಅವರಿಗೆ ಅರ್ಥವಾಗಿತ್ತು.

ದಾರಿಯುದ್ದಕ್ಕೂ ಮೇಷ್ಟ್ರು ಅಕ್ಕನ ಮೇಲೆ ಕೋಪ ಬರಲಿ ಎಂದು ಒಳಗೊಳಗೇ ಬಯಸಿದರು, ಬರಲಿಲ್ಲ. ಆಕೆ ಮಾಡುತ್ತಿದ್ದುದು ತಾನು ಹೇಳಿಕೊಟ್ಟಿದ್ದನ್ನೇ, ಅಕ್ಷರ ತಪ್ಪದೆ. ಉಳಿದವರೆಲ್ಲ ಪಾಠ ಮರೆತು ಪಾರಾದರು. ನೆನಪಿಟ್ಟುಕೊಂಡ ಒಬ್ಬರು ಸಿಕ್ಕಿಹಾಕಿಕೊಂಡರು.

ಹನ್ನೊಂದಕ್ಕೆ ರಕ್ತನಿಧಿಯ ಬಾಗಿಲು ತಳ್ಳಿದಾಗ ಅಕ್ಕ ಶೀತಲಪೆಟ್ಟಿಗೆಯ ಪಕ್ಕ ನಿಂತಿದ್ದರು. ಮಾದರಿ ಕೊಳವೆಗಳು, ಗುಂಪು ಪರೀಕ್ಷೆಯ ಚೀಟಿ, ಎಲ್ಲ ಸಾಲಾಗಿ ಸಿದ್ಧವಾಗಿದ್ದವು. ಇವರ ಮುಖ ನೋಡಿದ್ದೇ ತಡ, ಅಕ್ಕ ಕಂಪ್ಯೂಟರಿನ ಮುಂದೆ ಕೂತರು. "ಹಾಗಾದ್ರೆ ನಿಜವಾದದ್ದೇನಾ?" ಎಂದರು. ಪಾಸ್‌ವರ್ಡ್ ಹಾಕಿದರು, ಮೊಬೈಲಿಗೆ ಬಂದ ಸಂಖ್ಯೆ ಹಾಕಿದರು. ದಾಖಲೆ ತೆರೆಯಿತು. ಮೂರು ವರ್ಷದ ಹಿಂದೆ ಅವರೇ ಬರೆದಿದ್ದ ಟಿಪ್ಪಣಿ ಅಲ್ಲಿತ್ತು. ಹೊಂದುವ ಮೂರು ಚೀಲ ಹುಡುಕಿ, ತಾಳೆ ನೋಡಿ, ಸಹಿ ಹಾಕಿ ಕೊಟ್ಟರು.

ಮುದುಕರ ಶಸ್ತ್ರಚಿಕಿತ್ಸೆ ಎರಡು ಗಂಟೆ ನಲವತ್ತು ನಿಮಿಷ ತಡವಾಯಿತು. ಜೀವ ಉಳಿಯಿತು. ಆದರೆ ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ದಿನ ಇರಬೇಕಾಯಿತು. ಬೇಗ ರಕ್ತ ಸಿಕ್ಕಿದ್ದರೆ ಇಷ್ಟು ದಿನ ಬೇಕಾಗುತ್ತಿತ್ತೇ ಎಂದು ಕೇಳಿದರೆ ಡಾಕ್ಟರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಆ ಸೋಮವಾರ ಸಂಜೆ ಮನೆಯಲ್ಲಿ ಮೇಷ್ಟ್ರು ತಟ್ಟೆಯ ಮುಂದೆ ಕೂತು ನಡೆದದ್ದನ್ನು ಹೇಳಿದರು, ಸಹಿಯ ಮಾತೊಂದನ್ನು ಬಿಟ್ಟು. ಹೆಂಡತಿ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವರು. ಗಂಡನ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆ, "ಮನೆ ಬದಲಾಯಿಸಿದೋರು ಹಳೆ ವಿಳಾಸದಲ್ಲಿ ಸ್ವಲ್ಪ ದಿನ ಯಾರನ್ನಾದ್ರೂ ಬಿಟ್ಟಿರಬೇಕು ಕಣ್ರೀ. ಬಂದೋರಿಗೆ ಹೊಸ ಮನೆ ತೋರಿಸೋಕೆ," ಎಂದರು.

"ಅದನ್ನೇ ನಾಳೆ ಮಾಡಿಸ್ತೀನಿ. ಹಳೆ ಹೆಸರಲ್ಲೇ ಲಾಗಿನ್ ಪುಟ ಮತ್ತೆ ತೆರೆಸಬೇಕು. ಜನ ಹಳೆ ಕೀಯಲ್ಲಿ ಅಲ್ಲಿ ಒಳಗೆ ಬರ್ತಾರೆ, ಅಲ್ಲಿಂದ ಹೊಸ ತಾಣಕ್ಕೆ ಕರ್ಕೊಂಡ್ಹೋಗಿ ಅದೇ ಕೀನ ಹೊಸ ಹೆಸರಿಗೂ ನೋಂದಾಯಿಸೋದು. ಮುಂಚೆ ಮಾಡಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ."

"ಮುಂಚೆ ಯಾಕೆ ಮಾಡಲಿಲ್ಲ?"

"ತೊಂದರೆ ಇಲ್ಲ ಅಂತ ಬರೆದುಕೊಟ್ಟಿದ್ರು."

"ಯಾರು?"

ಮೇಷ್ಟ್ರು ಎದ್ದು ಕೈ ತೊಳೆಯಲು ಹೋದರು. ಹೆಂಡತಿ ಮತ್ತೆ ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಜೊತೆಗಿದ್ದವರಿಗೆ ಅಷ್ಟು ಸಾಕು.

ಹಳೆಯ ಪುಟವನ್ನು ತೆರೆಸಲು ಮೂರು ದಿನ ಹಿಡಿಯಿತು. ಆಮೇಲೆ ಮೇಷ್ಟ್ರು ಶಾಖೆಯಿಂದ ಶಾಖೆಗೆ, ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರ ಪಕ್ಕದಲ್ಲೂ ನಿಂತು ನೋಂದಣಿ ಮಾಡಿಸಿದರು. ಅಕ್ಕನ ಸರದಿ ಬಂದಾಗ ಹಳೆಯ ಹೆಸರಿನ ಪುಟದಲ್ಲಿ ಕೀ ಮುಟ್ಟಿಸಿದರು. ತಟ್ಟನೆ ತೆರೆಯಿತು. ಅಕ್ಕ ಅದನ್ನೇ ನೋಡುತ್ತ, "ಇದು ಕೆಟ್ಟಿರಲೇ ಇಲ್ಲ ಹಾಗಾದ್ರೆ," ಎಂದರು. ಮೇಷ್ಟ್ರು ಹೂಂ ಎಂದರು. ನನ್ನ ತಪ್ಪು ಎಂದು ಹೇಳಲು ಬಾಯಿ ತೆರೆದರು. ಹೊರಗೆ ಯಾರೋ ಅಕ್ಕನನ್ನು ಕರೆದರು, ಬಾಯಿ ಮುಚ್ಚಿಕೊಂಡರು. ಯಾರೂ ಕರೆಯದಿದ್ದರೂ ಅಂದು ಹೇಳುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಎರಡು ವಾರದ ಮೇಲೆ ಮುದುಕರ ಮಗಳು ದೂರು ಕೊಟ್ಟಳು. ಅದರಲ್ಲಿ ಇದ್ದದ್ದು ಒಂದೇ ಹೆಸರು, ಅಕ್ಕನದು. ರಕ್ತ ಕೈಯಲ್ಲಿಟ್ಟುಕೊಂಡು ಕೊಡದೆ ಕೂತವರು. ಅಕ್ಕನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಆರೋಪ ಸಾಬೀತಾದರೆ ಕೆಲಸದಿಂದ ತೆಗೆಯುತ್ತಾರೆ, ಮೂವತ್ತೊಂದು ವರ್ಷದ ಸೇವೆಯ ಕೊನೆಗೆ ಅದೊಂದು ಕಪ್ಪು ಗೆರೆ.

ವಿಚಾರಣೆ ಮೂರನೆಯ ಮಹಡಿಯ ಸಭಾಕೋಣೆಯಲ್ಲಿ. ನಿರ್ದೇಶಕರು, ಯೋಜನಾ ಮುಖ್ಯಸ್ಥ, ರೋಗಿಯ ಮಗಳು, ಮೇಜಿನ ತುದಿಯಲ್ಲಿ ಅಕ್ಕ. ಮೇಷ್ಟ್ರನ್ನು ಕರೆದದ್ದು ಕೀ ಎಂದರೇನು ಎಂದು ವಿವರಿಸುವುದಕ್ಕಷ್ಟೇ. ಅವರ ಕಡತದಲ್ಲಿ ಅವರು ಸಹಿ ಹಾಕಿದ್ದ ಆ ನಮೂನೆಯ ಪ್ರತಿ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ. ಕೇಳುವ ಲಕ್ಷಣವೂ ಇರಲಿಲ್ಲ.

ಯೋಜನಾ ಮುಖ್ಯಸ್ಥ ನುಣ್ಣಗೆ ಮಾತಾಡಿದ. "ಸುತ್ತೋಲೆ ಎಲ್ಲರಿಗೂ ಹೋಗಿತ್ತು ಸರ್. ಅವತ್ತು ಕೆಲಸದಲ್ಲಿದ್ದ ಉಳಿದೋರೆಲ್ಲ ಪಾಲಿಸಿದ್ರು. ಇವರೊಬ್ಬರು ಪಾಲಿಸಲಿಲ್ಲ. ಬಹುಶಃ ಇವರ ಕೀಯೇ ಹಾಳಾಗಿತ್ತೋ ಏನೋ."

ನಿರ್ದೇಶಕರು ಅಕ್ಕನ ಕಡೆ ತಿರುಗಿದರು. "ಮೇಷ್ಟ್ರ ಸಹಾಯವಾಣಿಗೆ ಯಾಕೆ ತಿರುಗಿ ಮಾಡಲಿಲ್ಲಮ್ಮ?"

"ಹತ್ತೊಂಬತ್ತು ಸಲ ಮಾಡಿದೆ ಸರ್." ಅಕ್ಕ ರಕ್ತನಿಧಿಯ ವಹಿ ತೆರೆದು ತೋರಿಸಿದರು. ಪ್ರತಿ ಕರೆಯ ಹೊತ್ತನ್ನೂ ಬರೆದಿಟ್ಟಿದ್ದರು.

"ನಾಳೆ ಮತ್ತೆ ಹೀಗೇ ಆದ್ರೆ ಏನು ಮಾಡ್ತೀರಿ?"

ಅಕ್ಕ ವಹಿ ಮುಚ್ಚಿದರು. ಆಮೇಲೆ, "ಗೊತ್ತಿಲ್ಲ ಸರ್," ಎಂದರು. "ಒಂದು ಸಲ ನಂಬಿ ಕೆಟ್ಟೆ. ಈ ಸಲ ನಂಬದೆ ಕೆಟ್ಟೆ. ನನ್ನ ಬುದ್ಧಿ ಮೇಲೇ ನಂಗೀಗ ನಂಬಿಕೆ ಇಲ್ಲ. ತೆಗೆದುಬಿಡಿ ಬೇಕಿದ್ರೆ." ಅವರ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕಡತದಿಂದ ಹಾಳೆ ಎಳೆದು ನಿರ್ದೇಶಕರ ಮುಂದಿಟ್ಟರು.

"ಅವರ ಕೀ ಹಾಳಾಗಿರಲಿಲ್ಲ ಸರ್. ಯಾರದ್ದೂ ಹಾಳಾಗಿರಲಿಲ್ಲ. ಕೀಗೆ ಹಳೆ ಹೆಸರು ಮಾತ್ರ ಗೊತ್ತು, ಹೊಸ ಹೆಸರು ಬಂದಾಗ ಗೊತ್ತಿಲ್ಲ ಅಂತು. ಅದು ಸರಿಯಾಗೇ ಕೆಲಸ ಮಾಡ್ತು. ಅಕ್ಕನೂ ಸರಿಯಾಗೇ ಮಾಡಿದ್ರು. ಗೊತ್ತಿಲ್ಲ ಅಂದ್ರೆ ನಿಲ್ಲಿ, ನಾನೇ ಫೋನ್ ಮಾಡಿದ್ರೂ ನಂಬಬೇಡಿ ಅಂತ ಹೇಳಿಕೊಟ್ಟಿದ್ದು ನಾನು. ಹೆಸರು ಬದಲಾದ್ರೆ ತೊಂದರೆ ಇಲ್ಲ ಅಂತ ಬರೆದುಕೊಟ್ಟಿದ್ದೂ ನಾನೇ. ಹಳೆ ಕೀ ಇಟ್ಟು ಪರೀಕ್ಷೆ ಮಾಡಬೇಕಿತ್ತು. ಹೊಸದಿಟ್ಟು ಮಾಡಿದೆ. ಈ ಸಹಿ ನನ್ನದು."

ಯೋಜನಾ ಮುಖ್ಯಸ್ಥ ಹಾಳೆಯನ್ನು ತನ್ನ ಕಡೆ ಎಳೆದುಕೊಳ್ಳಲು ಕೈಚಾಚಿದ. ನಿರ್ದೇಶಕರು ಅದರ ಮೇಲೆ ಅಂಗೈ ಇಟ್ಟರು. ಅಕ್ಕ ಮೇಷ್ಟ್ರನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ, ಅದನ್ನು ಓದುವ ಧೈರ್ಯ ಮೇಷ್ಟ್ರಿಗಿರಲಿಲ್ಲ.

ರೋಗಿಯ ಮಗಳು ಮೊದಲ ಸಲ ಬಾಯಿಬಿಟ್ಟಳು. "ಅಂದ್ರೆ, ನೀವು ಹೊಸ ಕೀ ಇಟ್ಟು ನೋಡಿದ್ದಕ್ಕೆ ನಮ್ಮಪ್ಪ ಅಷ್ಟು ಹೊತ್ತು ಹಾಗೆ ಬಿದ್ದಿದ್ರು?"

ಆ ದಿನದಿಂದ ಮೇಷ್ಟ್ರು ನೂರು ಥರದ ಉತ್ತರ ಹೊಂದಿಸಿಕೊಂಡಿದ್ದರು. ನಾಲ್ಕು ವರ್ಷದ ಹಿಂದಿನ ಅನುಭವ, ಮೂರು ದಿನದ ಪರೀಕ್ಷೆ, ಕೈಯಲ್ಲಿ ಒಂದೇ ಫೋನು. ಅವೆಲ್ಲವನ್ನೂ ಬದಿಗಿಟ್ಟರು.

"ಹೌದಮ್ಮ," ಎಂದರು.

ಆಕೆ ತನ್ನ ದೂರಿನ ಪ್ರತಿಯನ್ನು ಬಿಡಿಸಿದಳು. ಪೆನ್ನು ತೆಗೆದು ಅಕ್ಕನ ಹೆಸರಿನ ಮೇಲೆ ಗೆರೆ ಎಳೆದಳು. ಹಾಳೆಯನ್ನು ಮೇಜಿನ ಮೇಲೆ ಮೇಷ್ಟ್ರ ಕಡೆ ತಳ್ಳಿದಳು.

"ಇಲ್ಲಿ ಯಾರ ಹೆಸರಿರಬೇಕೋ ಅದನ್ನ ನೀವೇ ಬರೀರಿ. ಇನ್ನೊಂದು ಸಲ ತಪ್ಪು ಹೆಸರು ಬರೆಯೋಕೆ ನಂಗಿಷ್ಟ ಇಲ್ಲ."

ಮೇಷ್ಟ್ರು ಬರೆದರು. ಪೂರ್ತಿ ಹೆಸರು, ಕೆಳಗೆ ನೌಕರಿಯ ಸಂಖ್ಯೆ. ಆಕೆ ಅದನ್ನು ನಿಧಾನವಾಗಿ ಓದಿ ಮಡಚಿದಳು.

"ಅಪ್ಪ ಈಗ ಎದ್ದು ಕೂರ್ತಾರೆ," ಎಂದಳು. "ದಿನಾ ಕೇಳ್ತಾರೆ, ಅವತ್ತು ಯಾಕೆ ತಡ ಆಯ್ತು ಅಂತ. ನನ್ನ ಕೈಲಿ ಹೇಳೋಕಾಗಲ್ಲ. ನೀವೇ ಬಂದು ಹೇಳ್ತೀರಾ?"

"ಹೇಳ್ತೀನಿ," ಎಂದರು ಮೇಷ್ಟ್ರು. "ಇವತ್ತೇ ಬರ್ತೀನಿ."